ಗೆಳೆಯನಿಗೆ 2 ಕೊಟ್ಟ ವರ್ಷ

ಮ್ಯಾನೇಜರ್ ಆದ ಮೊದಲ ಅಪ್ರೈಸಲ್‌ನಲ್ಲೇ ನಾನು ಗಿರಿಗೆ 2 ಕೊಟ್ಟೆ. ಗಿರಿ ಅವನ ನಿಜವಾದ ಹೆಸರಲ್ಲ. ನಮ್ಮ ಕಂಪನಿಯಲ್ಲಿ ರೇಟಿಂಗ್ 1ರಿಂದ 5ರವರೆಗೆ. 3 ಬಂದರೆ ಕೆಲಸ ಸರಿಯಾಗಿದೆ ಅಂತ, 2 ಬಂದರೆ ಸುಧಾರಿಸಬೇಕು ಅಂತ. 2 ಬಂದವರ ಕೆಲಸ ಹೋಗುವುದಿಲ್ಲ. ಆದರೆ ಹೈಕ್ ಇಲ್ಲ, ವೇರಿಯಬಲ್ ಪೇ ಅರ್ಧ, ಆರು ತಿಂಗಳು ಬೇರೆ ಟೀಮಿಗೆ ಹೋಗುವ ದಾರಿಯೂ ಬಂದ್. ಬೆಂಗಳೂರಲ್ಲಿ ಹೋಮ್ ಲೋನ್ ಕಟ್ಟುತ್ತಿರುವವನಿಗೆ ಇದು ಸಣ್ಣ ಮಾತಲ್ಲ.

ನಾವಿಬ್ಬರೂ ಒಂದೇ ಬ್ಯಾಚಿನಲ್ಲಿ ಸೇರಿದವರು. ಬಿಟಿಎಂ ಲೇಔಟಿನ ಒಂದು ರೂಮಿನಲ್ಲಿ ಜೊತೆಗಿದ್ದವರು. ಅವನ ಮದುವೆಯಲ್ಲಿ ಊಟದ ಹಾಲ್ ನೋಡಿಕೊಂಡವನು ನಾನು. ಹಾಗಾಗಿ ಅವನ ಬಗ್ಗೆ ನನಗೆ ಗೊತ್ತಿದ್ದದ್ದು ಒಬ್ಬ ಮ್ಯಾನೇಜರಿಗೆ ಗೊತ್ತಿರಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ಕಷ್ಟವಾಗಿದ್ದು ಅಲ್ಲೇ.

ಗೆಳೆಯನಾಗಿ ನನಗೆ ಎರಡು ವಿಷಯ ಗೊತ್ತಿತ್ತು. ಅವನ ಅಪ್ಪನಿಗೆ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಕರೆದುಕೊಂಡು ಹೋಗಿ ಬರುವುದು ಇವನೇ. ಆಫೀಸಿನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಇನ್ನೊಂದು, ಅವನು ಷೇರಿನ ಆಪ್ಷನ್ ಟ್ರೇಡಿಂಗ್ ಹುಚ್ಚು ಹಿಡಿಸಿಕೊಂಡಿದ್ದ. ಬೆಳಿಗ್ಗೆ 9:15ಕ್ಕೆ ಮಾರ್ಕೆಟ್ ಶುರುವಾದರೆ ಹತ್ತೂವರೆವರೆಗೂ ಅವನ ಗಮನ ಫೋನಿನಲ್ಲಿ. ಇದನ್ನು ಅವನೇ ಬಿಯರ್ ಕುಡಿಯುತ್ತಾ ಹೇಳಿದ್ದ. ಮೊದಲನೆಯದನ್ನು ಹಿಡಿದರೆ ಅವನಿಗೆ 3 ಕೊಡಬಹುದು. ಎರಡನೆಯದನ್ನು ಹಿಡಿದರೆ 1 ಕೂಡ ಕೊಡಬಹುದು. ಎರಡನ್ನೂ ಪಕ್ಕಕ್ಕೆ ಇಟ್ಟೆ. ಸಹಾನುಭೂತಿ ತೋರಿಸಲು ಒಂದನ್ನು ಒಳಗೆ ತಂದರೆ, ಸಿಟ್ಟು ಬಂದ ದಿನ ಇನ್ನೊಂದೂ ತಾನಾಗಿ ಒಳಗೆ ಬರುತ್ತೆ.

ಹಾಗಂತ ಅಪ್ಪನ ಆರೋಗ್ಯವನ್ನು ಸುಮ್ನೆ ಬಿಡಲೂ ಆಗುವುದಿಲ್ಲ, ಅಲ್ವಾ? ಅಕ್ಟೋಬರ್‌ನ ಮಿಡ್-ಇಯರ್ ಮಾತುಕತೆಯಲ್ಲಿ ನೇರವಾಗಿ ಕೇಳಿದೆ. "ಅಪ್ಪನ ವಿಷಯ ಆಫೀಸಿಗೆ ಹೇಳೋಣ ಕಣೋ. ಶಿಫ್ಟ್ ಬದಲಾಯಿಸಬಹುದು. ರಾತ್ರಿ ಆನ್-ಕಾಲ್ ಪಟ್ಟಿಯಿಂದ ನಿನ್ನ ಹೆಸರು ತೆಗೀಬಹುದು." ಅವನು ಒಪ್ಪಲಿಲ್ಲ. "ಬೇಡ ಮಗಾ. ಒಂದ್ಸಲ ಗೊತ್ತಾದ್ರೆ ಆಮೇಲೆ ಯಾರೂ ದೊಡ್ಡ ಕೆಲಸ ಕೊಡಲ್ಲ." ಅದು ಅವನ ತೀರ್ಮಾನ. ಅವನು ಮುಚ್ಚಿಟ್ಟಿದ್ದನ್ನು ಅವನ ಒಳ್ಳೆಯದಕ್ಕೇ ಆದರೂ ನಾನು ಬಿಚ್ಚಿಡುವಂತಿರಲಿಲ್ಲ.

ಅದೇ ದಿನ ಇನ್ನೊಂದು ಮಾತೂ ಹೇಳಿದೆ: ಕೆಲಸ ಹೀಗೇ ಹೋದರೆ ಮಾರ್ಚ್‌ನಲ್ಲಿ 2 ಬರುತ್ತೆ. ಸಂಜೆ ಮೇಲ್‌ನಲ್ಲೂ ಬರೆದು ಕಳಿಸಿದೆ. ಗೆಳೆಯರ ನಡುವೆ ಮೇಲ್ ಯಾಕೆ ಅಂತ ಅನ್ನಿಸಬಹುದು. ಗೆಳೆಯರ ನಡುವೆಯೇ ಬೇಕು. ಟೀ ಅಂಗಡಿಯಲ್ಲಿ ನಾನು ಏನು ಹೇಳಿದರೂ ಅವನಿಗೆ ಅದು ಹಳೆಯ ರೂಮ್‌ಮೇಟ್ ಬೈದಂತೆ ಕೇಳುತ್ತಿತ್ತು. ರೇಟಿಂಗ್‌ನ ಎಚ್ಚರಿಕೆ ಹಾಗೆ ಕೇಳಿಸಿದರೆ, ಮಾರ್ಚ್‌ನಲ್ಲಿ "ನೀನು ಹೇಳೇ ಇಲ್ಲ" ಅನ್ನುವ ಮಾತು ಬರುತ್ತೆ. ಅದು ಸುಳ್ಳೂ ಆಗಿರುವುದಿಲ್ಲ.

ನಮ್ಮದು ಒಂದು ಬಿಲ್ಲಿಂಗ್ ಸಾಫ್ಟ್‌ವೇರಿನ ಮೇಂಟೆನೆನ್ಸ್ ಟೀಮ್. ಕ್ಲೈಂಟ್ ದೋಷ ಹೇಳಿದರೆ ಟಿಕೆಟ್ ಬರುತ್ತೆ, ಸರಿ ಮಾಡಿ ಕ್ಲೋಸ್ ಮಾಡುತ್ತೇವೆ. ಸರಿಯಾಗಿಲ್ಲದಿದ್ದರೆ ಅದೇ ಟಿಕೆಟ್ ರೀಓಪನ್ ಆಗಿ ವಾಪಸ್ ಬರುತ್ತೆ. ವರ್ಷದ ಎರಡನೇ ಅರ್ಧದಲ್ಲಿ ಗಿರಿ ಕ್ಲೋಸ್ ಮಾಡಿದ್ದು 18, ರೀಓಪನ್ ಆಗಿದ್ದು 7. ಬೇರೆಯವರಲ್ಲಿ ಹತ್ತಕ್ಕೆ ಒಂದು ವಾಪಸ್ ಬಂದರೆ ಹೆಚ್ಚು. ನೋಡಿದರೆ ಲೆಕ್ಕ ಮುಗಿದಂತೆ ಕಾಣುತ್ತೆ. ಆದರೆ ಇಂಥ ಸಂಖ್ಯೆ ಅರ್ಧ ಸುಳ್ಳು ಹೇಳುತ್ತೆ. ಆ ಏಳನ್ನೂ ಒಂದೊಂದಾಗಿ ಓದಿದೆ. ಎರಡರಲ್ಲಿ ಕ್ಲೈಂಟ್‌ನವರೇ ಮಧ್ಯದಲ್ಲಿ ಕೇಳಿದ್ದನ್ನು ಬದಲಾಯಿಸಿದ್ದರು. ಅವನ ತಪ್ಪಲ್ಲ, ತೆಗೆದೆ. ಉಳಿದ ಐದರಲ್ಲಿ ಒಂದೇ ಕಥೆ. ದೋಷದ ಕಾರಣ ಹುಡುಕದೆ, ಕ್ಲೈಂಟ್ ಕಳಿಸಿದ ಆ ಒಂದು ಬಿಲ್ ಸರಿ ಬರುವಂತೆ ಮಾತ್ರ ಕೋಡ್ ತಿದ್ದಿದ್ದ. ತೆರಿಗೆಯ ಪೈಸೆ ರೌಂಡ್ ಆಗುವುದರಲ್ಲಿ ದೋಷ ಇದ್ದರೆ ಅದು ಮುಂದಿನ ತಿಂಗಳು ಇನ್ನೊಂದು ಬಿಲ್ಲಿನಲ್ಲಿ ತಲೆ ಎತ್ತುತ್ತೆ.

ಅವನ ಮಾಡ್ಯೂಲ್ ಹಳೆಯದು, ಕಗ್ಗಂಟು. ಅದಕ್ಕೇ ಹೀಗಾಯಿತೇ ಅನ್ನುವುದನ್ನೂ ನೋಡಬೇಕಿತ್ತು. ಅದೇ ಮಾಡ್ಯೂಲಿನಲ್ಲಿ ಕೆಲಸ ಮಾಡಿದ ಇನ್ನೊಬ್ಬರ ಟಿಕೆಟ್‌ಗಳನ್ನು ತೆಗೆದು ಪಕ್ಕದಲ್ಲಿ ಇಟ್ಟೆ. ಅವರವು ಹಾಗೆ ವಾಪಸ್ ಬಂದಿರಲಿಲ್ಲ.

ಇನ್ನೂ ಭಾರವಾದದ್ದು ಜನವರಿಯ ಒಂದು ರಾತ್ರಿ. ತಿಂಗಳ ಬಿಲ್ ತಯಾರಿಸುವ ಬ್ಯಾಚ್ ಜಾಬ್‌ಗೆ ಗಿರಿ ಒಂದು ಬದಲಾವಣೆ ಹಾಕಿದ್ದ. ಕೆಟ್ಟರೆ ವಾಪಸ್ ಹೋಗುವುದು ಹೇಗೆ ಅನ್ನುವ ಜಾಗದಲ್ಲಿ "ಹಿಂದಿನಂತೆಯೇ" ಅಂತ ಒಂದೇ ಪದ ಬರೆದಿದ್ದ. ರಾತ್ರಿ ಎರಡಕ್ಕೆ ಜಾಬ್ ನಿಂತಿತು. ಆನ್-ಕಾಲ್‌ನಲ್ಲಿದ್ದವಳು ಆಗಷ್ಟೇ ಪ್ರೊಬೇಷನ್ ಮುಗಿಸಿದ ಹುಡುಗಿ. ಎರಡನೇ ನಂಬರ್ ಗಿರಿಯದು, ಅವನು ಫೋನ್ ಎತ್ತಲಿಲ್ಲ. ಅವಳು ಹಳೆಯ ಮೇಲ್‌ಗಳನ್ನು ಹುಡುಕಿ ಹುಡುಕಿ ಬೆಳಗಿನ ಆರಕ್ಕೆ ಹೇಗೋ ವಾಪಸ್ ತಂದಳು. ಗೆಳೆಯನಿಗೆ 3 ಕೊಡುವುದು ಅಂದರೆ ಆ ಹುಡುಗಿಗೆ "ಇದೆಲ್ಲ ನಡೆಯುತ್ತೆ" ಅಂತ ಹೇಳಿದ ಹಾಗೆ.

ಇನ್ನೊಂದು ಭಯ ನನಗೆ ನನ್ನ ಮೇಲೇ ಇತ್ತು. ಹೊಸ ಮ್ಯಾನೇಜರ್, ಗೆಳೆಯನ ಪರ ನಿಲ್ಲುವವನಲ್ಲ ಅಂತ ತೋರಿಸಲು ಅವನಿಗೆ ಬೇರೆಯವರಿಗಿಂತ ಜಾಸ್ತಿ ಬಿಗಿ ಮಾಡುತ್ತಿದ್ದೇನೆಯೇ? ಪಕ್ಷಪಾತ ಅಂದರೆ ನಾವು ಕೃಪೆಯನ್ನೇ ನೆನೆಯುತ್ತೇವೆ, ಇದು ಅದರ ಇನ್ನೊಂದು ಮುಖ. ಅದಕ್ಕೆ ನನ್ನ ಮೇಲಿನ ಮೇಡಂ ಹತ್ತಿರ ಹೋಗಿ, ಅವನು ನನ್ನ ಆಪ್ತ ಗೆಳೆಯ ಅಂತ ಮೊದಲೇ ಹೇಳಿದೆ. ಟೀಮಿನಲ್ಲಿ 3ರ ಅಂಚಿನಲ್ಲಿದ್ದ ಇನ್ನೊಬ್ಬನ ಬರಹ ಮತ್ತು ಗಿರಿಯ ಬರಹ, ಎರಡನ್ನೂ ಹೆಸರು ತೆಗೆದು ಕೊಟ್ಟೆ. ಅವರು ಓದಿ ಗಿರಿಯ ಹಾಳೆಯೇ ಇನ್ನೊಂದಕ್ಕಿಂತ ಕೆಳಗಿನದು ಅಂದರು. ಆಮೇಲೆ ಅದರಲ್ಲೇ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. "‘ಕೆಲಸದಲ್ಲಿ ಆಸಕ್ತಿ ಕಡಿಮೆ’ ಅಂತ ಬರೆದಿದ್ದೀರಲ್ಲ, ಇದು ಎಲ್ಲಿಂದ ಬಂತು? ಯಾವ ಟಿಕೆಟ್?" ಯಾವ ಟಿಕೆಟೂ ಇಲ್ಲ. ಅದು ಬಿಯರ್ ಜೊತೆ ಬಂದದ್ದು. ಎಷ್ಟು ಪಕ್ಕಕ್ಕಿಟ್ಟರೂ ಹೀಗೆ ನುಸುಳುತ್ತೆ. ಹೊಡೆದು ಹಾಕಿದೆ.

ಆಮೇಲೆ ಕ್ಯಾಲಿಬ್ರೇಷನ್. ಎಲ್ಲ ಟೀಮಿನ ಮ್ಯಾನೇಜರ್‌ಗಳು ಒಂದು ರೂಮಿನಲ್ಲಿ ಕೂತು, ಪರದೆ ಮೇಲಿನ ಶೀಟಿನಲ್ಲಿ ಸಾಲು ಸಾಲು ಹೆಸರು ನೋಡುತ್ತಾ, ಯಾರಿಗೆ ಎಷ್ಟು ಅಂತ ಸರಿದೂಗಿಸುವ ಸಭೆ. ಹತ್ತರಲ್ಲಿ ಒಬ್ಬರಾದರೂ 2 ಅಥವಾ ಅದಕ್ಕಿಂತ ಕೆಳಗೆ ಇರಬೇಕು ಅನ್ನುವುದು ಎಚ್ಆರ್ ಮಾತು. ಮೈಕ್ರೋಸಾಫ್ಟ್ ಬೆಲ್ ಕರ್ವ್ ಅನ್ನುವ ಇಂಥ ಪಾಲು ಹಂಚುವ ಪದ್ಧತಿಯನ್ನು 2013ರಲ್ಲೇ ಬಿಟ್ಟಿತು. ನಮ್ಮಲ್ಲಿ ಅದು "ಕಡ್ಡಾಯ ಅಲ್ಲ, ಆದರೆ ಹಾಗಿದ್ದರೆ ಒಳ್ಳೇದು" ಅನ್ನುವ ರೂಪದಲ್ಲಿ ಇನ್ನೂ ಬದುಕಿದೆ.

ಈ ಪಾಲು ಹೇಗೆ ತುಂಬುತ್ತೆ ಅನ್ನುವುದನ್ನು ಹೊರಗಿನವರು ನೋಡಿರುವುದಿಲ್ಲ. ನೋಟಿಸ್ ಪೀರಿಯಡ್‌ನಲ್ಲಿ ಇರುವವರು, ಹೊಸದಾಗಿ ಸೇರಿದವರು, ಹೆರಿಗೆ ರಜೆಯಲ್ಲಿ ಇರುವವರು ಮೊದಲು ಕಣ್ಣಿಗೆ ಬೀಳುತ್ತಾರೆ. ಅವರು ಜಗಳ ಮಾಡುವುದಿಲ್ಲ ಅನ್ನುವ ಲೆಕ್ಕ. ಆ ದಿನ ಪಕ್ಕದ ಟೀಮಿನ ಮ್ಯಾನೇಜರ್ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. "ಗಿರಿ ನಿಮ್ಮ ದೋಸ್ತ್ ಅಲ್ವಾ? ನಿಮ್ಮಲ್ಲಿ ಒಬ್ಬರು ಮೆಟರ್ನಿಟಿಯಲ್ಲಿ ಇದ್ದಾರಲ್ಲ. ಅರ್ಧ ವರ್ಷ ಕೆಲಸಾನೇ ಮಾಡಿಲ್ಲ. ಆ 2 ಅಲ್ಲಿಗೆ ಹಾಕಿ ಮುಗಿಸಿ."

ಬಾಗಿಲು ತೆರೆದೇ ಇತ್ತು. ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. 26 ವಾರದ ಹೆರಿಗೆ ರಜೆ ಕಾನೂನು ಕೊಟ್ಟಿದ್ದು, ಅದನ್ನು ಕೆಲಸ ಮಾಡದ ಕಾಲ ಅಂತ ಎಣಿಸುವಂತಿಲ್ಲ. ಆಕೆ ಇದ್ದ ತಿಂಗಳುಗಳ ಕೆಲಸ ಮಾತ್ರ ನೋಡಬೇಕು, ಅದು 4ರ ಕೆಲಸ. ನಾನು ಜೋರಾಗಿಯೇ ಆಕೆಯ ಸಾಲು ಓದಿ 4 ಅಂದೆ. ಆಮೇಲೆ ಗಿರಿಯ ಐದು ಟಿಕೆಟ್, ಜನವರಿಯ ರಾತ್ರಿ, ಅಕ್ಟೋಬರ್‌ನ ಮೇಲ್, ಇಷ್ಟನ್ನು ಹೇಳಿ 2 ಅಂದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಪಾಲು ಇಲ್ಲದಿದ್ದರೂ ಇದೇ ಕೊಡುತ್ತಿದ್ದಿರಾ ಅಂತ ಎಚ್ಆರ್ ಕೇಳಿದರು. ಹೌದು ಅಂದೆ. ಆ ಹೌದು ಬಾಯಿಗೆ ಬರದಿದ್ದರೆ ಗಿರಿಯ ಮುಂದೆ ಕೂರಲು ನನಗೆ ಮುಖ ಇರುತ್ತಿರಲಿಲ್ಲ.

ಅವನಿಗೆ ಹೇಳಲು ಮಂಗಳವಾರ ಬೆಳಿಗ್ಗೆ ಒಂದು ರೂಮ್ ಬುಕ್ ಮಾಡಿದೆ. ಶುಕ್ರವಾರ ಸಂಜೆ ಹೇಳಿದರೆ ಕೇಳಲು ಯಾರೂ ಸಿಗದೆ ಎರಡು ದಿನ ಒಬ್ಬನೇ ಕುದಿಯುತ್ತಾನೆ. ಕೂತ ತಕ್ಷಣ ಹೇಳಿದೆ.

"ಗಿರಿ, ನಿನ್ನ ರೇಟಿಂಗ್ 2."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಯಾರ್ ಕೊಟ್ಟಿದ್ದು? ಮೇಲಿನವರಾ, ನೀನಾ?"

"ನಾನೇ."

"ಬೆಲ್ ಕರ್ವ್‌ಗೆ ಒಬ್ಬ ಬೇಕಿತ್ತು, ನಾನು ಸಿಕ್ಕಿದೆ."

"ಕರ್ವ್ ಇಲ್ಲದಿದ್ರೂ ಇಷ್ಟೇ ಇರ್ತಿತ್ತು."

ಇಲ್ಲಿ "ನನ್ನ ಕೈಯಲ್ಲಿ ಏನೂ ಇರಲಿಲ್ಲ ಮಗಾ" ಅಂದಿದ್ದರೆ ಸಂಜೆಯೇ ಇಬ್ಬರೂ ಒಟ್ಟಿಗೆ ಕಂಪನಿಯನ್ನು ಬೈದುಕೊಂಡು ಕಾಫಿ ಕುಡಿಯಬಹುದಿತ್ತು. ಆದರೆ ಆಗ ಅವನು ತಿದ್ದಿಕೊಳ್ಳಬೇಕಾದ್ದು ಏನೂ ಉಳಿಯುತ್ತಿರಲಿಲ್ಲ, ತಪ್ಪು ಕಂಪನಿಯದಾಗುತ್ತಿತ್ತು.

ಐದು ಟಿಕೆಟ್‌ಗಳನ್ನೂ ಮುಂದಿಟ್ಟೆ. ಒಂದರ ಬಗ್ಗೆ ಅವನು ವಾದ ಮಾಡಿದ. ಟೆಸ್ಟ್ ಡೇಟಾ ತಪ್ಪಾಗಿ ಬಂದಿತ್ತು ಅಂದ. ಅಲ್ಲೇ ತೆಗೆದು ನೋಡಿದೆವು, ಅವನು ಹೇಳಿದ್ದು ಸರಿ. ಬರಹದಿಂದ ಅದನ್ನು ತೆಗೆಯುತ್ತೇನೆ, ಆದರೆ ಉಳಿದ ನಾಲ್ಕಕ್ಕೆ ರೇಟಿಂಗ್ ಬದಲಾಗುವುದಿಲ್ಲ ಅಂದೆ. ಜನವರಿಯ ರಾತ್ರಿಯ ವಿಷಯಕ್ಕೆ ಬಂದಾಗ ಅವನ ದನಿ ಇಳಿಯಿತು. "ಆವತ್ತು ಅಪ್ಪನ್ನ ಅಡ್ಮಿಟ್ ಮಾಡಿದ್ವಿ. ನಿಂಗೆ ಗೊತ್ತಲ್ವಾ."

"ನಂಗೆ ಗೊತ್ತು. ಆಫೀಸಿಗೆ ಗೊತ್ತಿಲ್ಲ. ಈಗಲೂ ಅಪೀಲ್ ಹಾಕಬಹುದು. ಹತ್ತು ದಿನ ಟೈಮ್ ಇದೆ. ನನಗಲ್ಲ, ಮೇಡಂಗೆ ಹೋಗುತ್ತೆ. ಅದರಲ್ಲಿ ಇದನ್ನ ಬರಿ. ನೀನು ಬರೆದರೆ ನಾನು ಹೌದು ಅಂತ ಹೇಳ್ತೀನಿ."

ಅವನು ಅಪೀಲ್ ಹಾಕಲಿಲ್ಲ. ಸಿಸ್ಟಮ್‌ನಲ್ಲಿ "ಒಪ್ಪುವುದಿಲ್ಲ" ಅನ್ನುವ ಬಟನ್ ಒತ್ತಿ ಎರಡು ಸಾಲು ಬರೆದ. ಆದರೆ ಮುಂದಿನ ವಾರ ತಾನೇ ಎಚ್ಆರ್ ಹತ್ತಿರ ಹೋಗಿ ಅಪ್ಪನ ವಿಷಯ ಹೇಳಿ ಡಯಾಲಿಸಿಸ್ ದಿನಗಳಿಗೆ ಶಿಫ್ಟ್ ಬದಲಾಯಿಸಿಕೊಂಡ. ಮುಂದಿನ ಮೂರು ತಿಂಗಳಿಗೆ ನಾವು ಬರೆದುಕೊಂಡದ್ದು ಎರಡೇ ವಿಷಯ. ಪ್ರತಿ ಬದಲಾವಣೆಯ ಜೊತೆ ವಾಪಸ್ ಹೋಗುವ ಹೆಜ್ಜೆಗಳು ಬೇರೆಯವರೂ ಮಾಡಿ ನೋಡುವಷ್ಟು ಸ್ಪಷ್ಟವಾಗಿ ಇರಬೇಕು. ಟಿಕೆಟ್ ಕ್ಲೋಸ್ ಮಾಡುವಾಗ ದೋಷದ ಕಾರಣ ಬರೆಯಬೇಕು. ಆನ್-ಕಾಲ್ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. "ಒಳ್ಳೆ ಮನೋಭಾವ" ಥರದ್ದು ಯಾವುದನ್ನೂ ಸೇರಿಸಲಿಲ್ಲ, ಅದನ್ನು ಅಳೆಯುವುದು ಹೇಗೆ?

ಶನಿವಾರದ ಬ್ಯಾಡ್ಮಿಂಟನ್‌ಗೆ ಅವನು ಬರುವುದು ನಿಂತಿತು. ಬೇರೆಯವರ ಜೊತೆ ಆಡುತ್ತಾನೆ ಅಂತ ಕೇಳಿದೆ. ಬೇಜಾರಾಯಿತು, ಆದರೆ ಕರೆಯಲು ಹೋಗಲಿಲ್ಲ. ಅವನಿಗೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ಇತ್ತು.

ಆರು ತಿಂಗಳು ಮುಗಿದ ಮೇಲೆ ಬೇರೆ ಟೀಮಿಗೆ ಅರ್ಜಿ ಹಾಕಿದ. ಅಷ್ಟರಲ್ಲಿ ಅವನ ಟಿಕೆಟ್‌ಗಳು ವಾಪಸ್ ಬರುವುದು ಕಡಿಮೆಯಾಗಿತ್ತು, ಹಾಗಾಗಿ ನಾನು ಒಪ್ಪಿಗೆ ಹಾಕಿದೆ. ಆ ಟೀಮಿನ ಮ್ಯಾನೇಜರ್ ಫೋನ್ ಮಾಡಿ ವಿಚಾರಿಸಿದರು. 2 ಯಾಕೆ ಬಂತು, ಆಮೇಲೆ ಏನು ಬದಲಾಯಿತು, ಫೈಲಿನಲ್ಲಿ ಇದ್ದದ್ದನ್ನೇ ಹೇಳಿದೆ.

"ಅದು ಸರಿ. ಜೊತೆಗೇ ಇದ್ದವರಂತೆ ನೀವು. ಮನುಷ್ಯ ಹೇಗೆ? ಬೇರೆ ಏನಾದ್ರೂ ಇದೆಯಾ ನಾನು ತಿಳ್ಕೊಬೇಕಾದ್ದು?"

"ಬೇರೆ ಏನಿದ್ರೂ ಅವನನ್ನೇ ಕೇಳಿ ಸಾರ್" ಅಂದೆ.