ಮಾರ್ಕೆಟಿಂಗ್ ಬಜೆಟ್: ಆರ್ಡರ್‌ನಿಂದ ಹಿಂದಕ್ಕೆ ಲೆಕ್ಕ ಹಾಕುವುದು ಹೇಗೆ?

ಹೋದ ವರ್ಷದ ಮಾರಾಟದಲ್ಲಿ ಶೇಕಡಾ ಇಷ್ಟು ಎಂದು ತೆಗೆದಿಟ್ಟು ಮಾರ್ಕೆಟಿಂಗ್ ಬಜೆಟ್ ಮುಗಿಸುವ ಕಾರ್ಖಾನೆಗಳು ಬಹಳ. ಬೆಳೆಯಬೇಕು ಅನ್ನುವವರಿಗೆ ಇದು ಸಾಲದು. ಆ ಲೆಕ್ಕದಲ್ಲಿ ಮುಂದಿನ ವರ್ಷದ ಗುರಿಯೇ ಇಲ್ಲವಲ್ಲ! ಮಾರಾಟ ಕುಸಿದರೆ ಬಜೆಟ್ಟೂ ಕುಸಿಯುತ್ತದೆ, ಅದೂ ಹೊಸ ಗ್ರಾಹಕರು ತೀರಾ ಬೇಕಾದ ಹೊತ್ತಿನಲ್ಲಿ.

ಮೊದಲು ಗುರಿ. ಗೇರ್‌ಬಾಕ್ಸ್ ಮಾಡುವ ಒಂದು ಕಾರ್ಖಾನೆ ಅಂದುಕೊಳ್ಳಿ. ಈ ವರ್ಷ 200 ಆರ್ಡರ್, ಮುಂದಿನ ವರ್ಷ 250 ಬೇಕು. ಯಂತ್ರಗಳಿಗೆ ಅಷ್ಟು ಮಾಡುವ ಶಕ್ತಿ ಇದೆಯಾ ಎಂದು ಉತ್ಪಾದನಾ ವಿಭಾಗವನ್ನು ಕೇಳಿಕೊಳ್ಳಿ.

ಎರಡನೆಯದು, ಹಳೆ ಗ್ರಾಹಕರನ್ನು ಕಳೆಯಿರಿ. ಅವರಿಂದ 140 ಬರುತ್ತದೆ ಎಂದರೆ ಹೊಸಬರಿಂದ 110 ಬೇಕು. ಎಂಟು ಎನ್‌ಕ್ವೈರಿಗೆ ಒಂದು ಆರ್ಡರ್ ಆಗುತ್ತಿದ್ದರೆ 880 ಎನ್‌ಕ್ವೈರಿ. ಈ ಅನುಪಾತವನ್ನು ನಿಮ್ಮದೇ ಕೊಟೇಶನ್ ಫೈಲ್‌ನಿಂದ ತೆಗೆಯಿರಿ, ಬೇರೆಯವರ ಸರಾಸರಿ ಬೇಡ.

ಎಡವುವುದು ಮೂರನೆಯದರಲ್ಲಿ, ಅಂದರೆ ಸಮಯದಲ್ಲಿ. ಇಂಥ ಮಾಲಿಗೆ ಮೊದಲ ಫೋನ್ ಬಂದ ಮೇಲೆ ಡ್ರಾಯಿಂಗ್, ಕೊಟೇಶನ್, ಸ್ಯಾಂಪಲ್, ಅವರ ಖರೀದಿ ವಿಭಾಗದ ಒಪ್ಪಿಗೆ ಎಂದು ಆರು ತಿಂಗಳು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ವರ್ಷದ ಎರಡನೇ ಅರ್ಧದಲ್ಲಿ ಬಂದ ಎನ್‌ಕ್ವೈರಿ ಆ ವರ್ಷದ ಗುರಿಗೆ ಒದಗುವುದೇ ಇಲ್ಲ. ಗುರಿಯ ವರ್ಷಕ್ಕೆ ಹಿಂದಿನ ಆರು ತಿಂಗಳಲ್ಲಿ ಬಂದ 240 ಎನ್‌ಕ್ವೈರಿ ಕೈಯಲ್ಲಿದೆ ಎನ್ನಿ, ಸರಿ. ಉಳಿದ 640 ಮೊದಲ ಆರು ತಿಂಗಳಲ್ಲೇ ಬರಬೇಕು! ಎಷ್ಟೇ ಖರ್ಚು ಮಾಡಿದರೂ 400ರ ಮೇಲೆ ಬರುವುದಿಲ್ಲ ಎಂದಾದರೆ, ಕೈಯಲ್ಲಿರುವ 240 ಸೇರಿ ಒಟ್ಟು 640 ಎನ್‌ಕ್ವೈರಿ, 80 ಹೊಸ ಆರ್ಡರ್. ಹಳೆಯದೂ ಸೇರಿ 220. ಗುರಿಯನ್ನು ಅಲ್ಲಿಗೇ ಇಳಿಸಿ. ದ್ವಿತೀಯಾರ್ಧದ ಖರ್ಚನ್ನು ಮರುವರ್ಷದ ಲೆಕ್ಕದಲ್ಲಿ ಬೇರೆ ಸಾಲಾಗಿ ಬರೆಯಿರಿ, ಇಲ್ಲದಿದ್ದರೆ ವರ್ಷಾಂತ್ಯಕ್ಕೆ ‘ಫಲ ಕೊಡಲಿಲ್ಲ’ ಎಂದು ಯಾರೋ ಅದನ್ನೇ ಕತ್ತರಿಸುತ್ತಾರೆ. (ಅವಸರಕ್ಕೆ ಫೋನ್ ನಂಬರ್ ಪಟ್ಟಿ ಕೊಳ್ಳಬೇಡಿ. ಅದು ಬರೀ ಹೆಸರಿನ ರಾಶಿ, ಎನ್‌ಕ್ವೈರಿ ಅಲ್ಲ.)

ಇನ್ನು ಬೆಲೆ. ಎನ್‌ಕ್ವೈರಿ ಖರ್ಚನ್ನು ವಸ್ತುಪ್ರದರ್ಶನ, ಜಾಹೀರಾತು, ಡೀಲರ್ ಎಂದು ಮೂಲವಾರು ಬರೆಯಿರಿ. ಸರಾಸರಿ ನಂಬಬೇಡಿ, ಹೆಚ್ಚುವರಿ ಎನ್‌ಕ್ವೈರಿ ಸಾಮಾನ್ಯವಾಗಿ ದುಬಾರಿ. ಎರಡನೇ ಪ್ರದರ್ಶನದ ಮಳಿಗೆಗೆ ಮೊದಲಿನ ಮುಖಗಳೇ ಬರುತ್ತವೆ, ಅಲ್ವಾ? ಒಂದು ಆರ್ಡರ್‌ನಲ್ಲಿ ಕಚ್ಚಾ ವಸ್ತು, ಕೂಲಿ ಕಳೆದು 100 ರೂಪಾಯಿ ಉಳಿಯುತ್ತದೆ ಎನ್ನಿ. ಎನ್‌ಕ್ವೈರಿಗೆ 5 ಖರ್ಚಾದರೆ, ಎಂಟಕ್ಕೆ ಒಂದರ ಲೆಕ್ಕದಲ್ಲಿ ಆರ್ಡರ್‌ಗೆ 40, ತೊಂದರೆಯಿಲ್ಲ. ಹೆಚ್ಚುವರಿಯದಕ್ಕೆ 15 ಆದರೆ 120. ಆ ಗ್ರಾಹಕ ಮತ್ತೆ ಆರ್ಡರ್ ಕೊಡುವುದು ಖಾತ್ರಿಯಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಡೈರಿ, ಕ್ಯಾಲೆಂಡರ್, ಕೀಚೈನ್‌ಗಳನ್ನು ನಾನಂತೂ ಈ ಬಜೆಟ್‌ಗೆ ಸೇರಿಸಲು ಬಿಡುವುದಿಲ್ಲ. ಬೇಕಿದ್ದರೆ ಕಚೇರಿ ಖರ್ಚಿಗೆ ಹಾಕಿಕೊಳ್ಳಲಿ. ಬಜೆಟ್‌ನ ಶೇ 10ರಷ್ಟನ್ನು ಹಂಚದೆ ಇಟ್ಟುಕೊಂಡು, ಮೂರನೇ ತಿಂಗಳ ಎನ್‌ಕ್ವೈರಿ ಲೆಕ್ಕ ಕೈಗೆ ಬಂದ ಮೇಲೆ ಯಾವ ಮೂಲಕ್ಕೆ ಹಾಕುವುದೆಂದು ತೀರ್ಮಾನಿಸಿ.