ಹುಣ್ಣಿಮೆ ಚಂದ್ರ ಫೋನಲ್ಲಿ ಬರೀ ಬಿಳಿ ಚುಕ್ಕೆ ಆಗ್ತಾನಾ? ಹೀಗೆ ಮಾಡಿ

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಚಂದ್ರನ ಫೋಟೋ ತೆಗೆಯುವವರು ಮೊದಲು ನೈಟ್ ಮೋಡ್ ಆಫ್ ಮಾಡಿ. ಚಂದ್ರನ ಮೇಲೆ ಬಿದ್ದಿರುವುದು ಬಿಸಿಲು, ಅಂದರೆ ಅವನು ಹಗಲಿನ ವಸ್ತು. ಆದರೆ ಫೋನು ಸುತ್ತಲಿನ ಕಪ್ಪು ಆಕಾಶ ನೋಡಿ ಬೆಳಕು ಸಾಲದು ಅಂದುಕೊಂಡು ಎಲ್ಲವನ್ನೂ ಜಾಸ್ತಿ ಬೆಳಗಿಸುತ್ತದೆ, ಅದಕ್ಕೇ ಚಂದ್ರ ಬೆಳ್ಳಗೆ ಬಳಿದ ಹಾಗೆ ಕಾಣುತ್ತಾನೆ.

ನಿಮ್ಮ ಫೋನಲ್ಲಿರುವ ದೊಡ್ಡ ಜೂಮ್ ಲೆನ್ಸ್ ಹಾಕಿ. ಚಂದ್ರನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ನಿಧಾನವಾಗಿ ಕೆಳಗೆ ಎಳೆಯಿರಿ. ಸ್ಕ್ರೀನ್ ಪೂರ್ತಿ ಕಪ್ಪಾದರೂ ಹೆದರಬೇಡಿ, ಚಂದ್ರನ ಮೇಲೆ ಬೂದು ಕಲೆಗಳು ಕಾಣಿಸುವ ತನಕ ಎಳೆಯಿರಿ, ಅಲ್ಲಿ ನಿಲ್ಲಿಸಿ. ಪ್ರೊ ಮೋಡ್ ಇದ್ದರೆ ಐಎಸ್‌ಒ 100, ಶಟರ್ 1/500 ಇಟ್ಟು ಶುರು ಮಾಡಿ. ಇನ್ನೂ ಬೆಳ್ಳಗಿದ್ದರೆ 1/1000. ಫೋನನ್ನು ಗೋಡೆಗೋ ಬೈಕಿನ ಸೀಟಿಗೋ ಒರಗಿಸಿ 3 ಸೆಕೆಂಡ್ ಟೈಮರ್ ಹಾಕಿ, ಬಟನ್ ಒತ್ತುವಾಗಿನ ಅಲುಗಾಟ ತಪ್ಪುತ್ತದೆ.

ಜೂಮ್ ಲೆನ್ಸ್ ಇಲ್ಲದ ಫೋನಲ್ಲಿ ಕಲೆಗಳು ಮಸುಕಾಗಿಯೇ ಬರುತ್ತವೆ, ಚಂದ್ರ ಅಷ್ಟು ಸಣ್ಣ. ಅಂಥವರು ಸಂಜೆ ಅವನು ಪೂರ್ವದ ಗುಡ್ಡದ ಮೇಲೆ ಬರುವಾಗಲೋ, ಬೆಳಗಿನ ಜಾವ ಸಮುದ್ರದ ಕಡೆ ಇಳಿಯುವಾಗಲೋ ತೆಗೆಯಿರಿ. ಆಗ ಆಕಾಶದಲ್ಲೂ ಸ್ವಲ್ಪ ಬೆಳಕಿರುತ್ತದೆ, ಎರಡೂ ಒಂದೇ ಫೋಟೋದಲ್ಲಿ ಹಿಡಿಯುತ್ತವೆ. ತೀರಾ ಕೆಳಗಿದ್ದಾಗ ಮಾತ್ರ ನಮ್ಮ ಕರಾವಳಿ ತೇವಕ್ಕೆ ಅಂಚು ಕಲಸಿದಂತೆ ಕಾಣುತ್ತದೆ, ಸ್ವಲ್ಪ ಮೇಲಿರುವಾಗ ಹಿಡಿಯಿರಿ.

ಕುಳಿಗಳು ಬೇಕಾ? ಹುಣ್ಣಿಮೆ ದಿನ ನೇರ ಬೆಳಕು, ನೆರಳೇ ಇರುವುದಿಲ್ಲ ಅಲ್ವಾ, ಹಾಗಾಗಿ ಮೂರ್ನಾಲ್ಕು ದಿನ ಮೊದಲೇ ಪ್ರಯತ್ನಿಸಿ.