ಎರಡನೇ ಸಲ ಬಂದವರಿಗೆ ಎರಡೇ ಫ್ಲಾಟ್ ತೋರಿಸಿ

ತುಮಕೂರಿನಲ್ಲಿ ಫ್ಲಾಟ್ ಮಾರುವ ಗೆಳೆಯರೇ, "ಮನೇಲಿ ಮಾತಾಡಿ ಹೇಳ್ತೀವಿ" ಎಂದು ಹೋದವರನ್ನು ಮತ್ತೆ ಕರೆಸುವಾಗ, ಮನೆಯ ಹಿರಿಯರೂ ಬರಲಾಗುವ ದಿನವನ್ನೇ ಗೊತ್ತುಮಾಡಿ. ಅದಕ್ಕೂ ಮೊದಲು ಫೋನಿನಲ್ಲಿ, ಯಾರಿಗೆ ಯಾವುದು ಒಪ್ಪಿಗೆಯಾಗಲಿಲ್ಲ ಎಂದು ಕೇಳಿಕೊಳ್ಳಿ.

ಕ್ಯಾತ್ಸಂದ್ರದ ಒಂದು ಕುಟುಂಬದಲ್ಲಿ ಅಜ್ಜಿಗೆ ಮಂಡಿನೋವು, ಸೊಸೆಗೆ ಬಟ್ಟೆ ಒಣಗಿಸುವ ಜಾಗದ ಚಿಂತೆ, ಮಗನಿಗೆ ಒಟ್ಟು ಖರ್ಚಿನದು. ಐದಾರು ಫ್ಲಾಟ್ ಸುತ್ತಿಸಿದ್ದರೆ ಗೊಂದಲ ಹೆಚ್ಚುತ್ತಿತ್ತು. ಮೊದಲ ಮಹಡಿಯದೊಂದು, ನಾಲ್ಕನೆಯದರಲ್ಲೊಂದು, ಅಷ್ಟೇ ತೋರಿಸಿದೆವು. ಅಜ್ಜಿ ಮೆಟ್ಟಿಲು ಹತ್ತಿ ನೋಡಿದರು, ಸೊಸೆ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಜಾಗ ಅಳೆದರು. ಆಮೇಲೆ ನಾವು ಹೊರಗೆ ಬಂದು, ಅವರನ್ನೇ ಒಳಗೆ ಮಾತಾಡಲು ಬಿಟ್ಟೆವು. ಇದನ್ನು ಯಾವತ್ತೂ ತಪ್ಪಿಸಬೇಡಿ. ನಮ್ಮೆದುರು ಮನೆಯವರು ಮನಬಿಚ್ಚಿ ಮಾತಾಡಲ್ಲ.

ಖರ್ಚಿನ ಹಾಳೆಯನ್ನು ಅಲ್ಲೇ ಕೊಡಿ: ಕಾರ್ಪೆಟ್ ಏರಿಯಾ, ಪಾರ್ಕಿಂಗ್, ಸ್ಟಾಂಪ್ ಡ್ಯೂಟಿ, ನೋಂದಣಿ ಶುಲ್ಕ, ನಿರ್ವಹಣೆ ಎಲ್ಲ ಸೇರಿಸಿ. ಟೋಕನ್‌ಗೆ ಒತ್ತಾಯ ಬೇಡ. ರೇರಾ ಪ್ರಕಾರ ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ, ಅದನ್ನೂ ಹೇಳಿಬಿಡಿ. ಹೊರಡುವಾಗ "ಇನ್ನೇನು ಅಡ್ಡಿ?" ಎಂದು ಕೇಳಿ. ಬ್ಯಾಂಕ್ ಸಾಲ ಎಂದರೆ, ದಾಖಲೆಗಳ ನಕಲು ಕೊಟ್ಟು ಮುಂದಿನ ಮಾತಿಗೆ ದಿನ ಗೊತ್ತುಮಾಡಿ. "ನೋಡೋಣ" ಎಂದಷ್ಟೇ ಹೇಳಿದರೆ, ಒಪ್ಪಿಗೆಯಾಗದವರು ಮನೆಯಲ್ಲಿ ಇನ್ನೂ ಯಾರೋ ಇದ್ದಾರೆ ಎಂದೇ ತಿಳಿಯಿರಿ.